ಫೈಲ್ ಅದೇ, ಕೇಸ್ ವರ್ಕರ್ ಬದಲಾಗಿದ್ದ

ಪೋಸ್ಟ್ ಉದ್ದ ಇದೆ. ಊರೂರಲ್ಲಿ ಕೂತು ನಮ್ಮ ಜನಕ್ಕೆ ದೂರು, ಮನವಿ ಬರೆದುಕೊಡೋ ಸಂಗಾತಿಗಳು, ಅದರಲ್ಲೂ ಈಗೀಗ ಮೊಬೈಲ್‌ನಲ್ಲಿ ಎಐ ಚಾಟ್ ಇಟ್ಕೊಂಡು ಬರೀತಿರೋರು ಪೂರ್ತಿ ಓದಿ. ಬೇರೆಯವರಿಗೆ ಬೇಜಾರಾದ್ರೆ ಕ್ಷಮೆ ಇರಲಿ.

ಹೋದ ತಿಂಗಳು ಒಂದು ಭಾನುವಾರ ಸಂಜೆ. ನಮ್ಮ ತಾಲ್ಲೂಕಿನದ್ದೇ ಒಂದು ಹಳ್ಳಿ, ಕೇರಿಯೊಳಗೆ ಒಬ್ಬ ಅಕ್ಕನ ಮನೆ ಜಗಲಿ. ನಾನು ಪ್ರಿಂಟ್ ತೆಗೆಸಿಕೊಂಡು ಹೋಗಿದ್ದ ದೂರನ್ನ ಅವರಿಗೆ ಓದಿ ಹೇಳ್ತಿದ್ದೆ. ಸಹಿ ಹಾಕಿಸ್ಕೊಂಡು ಬೆಳಿಗ್ಗೆ ಠಾಣೆಗೆ ಹೋಗೋದು ಅಂತ ಮಾತಾಗಿತ್ತು. 'ಸದರಿ ವ್ಯಕ್ತಿಯು ಸಾರ್ವಜನಿಕ ಸ್ಥಳದಲ್ಲಿ ನನ್ನನ್ನು ಅವಾಚ್ಯ ಶಬ್ದಗಳಿಂದ ನಿಂದಿಸಿ, ಜಾತಿಯ ಆಧಾರದ ಮೇಲೆ ಅವಮಾನಿಸಿ, ನನ್ನ ಮನಸ್ಸಿಗೆ ತೀವ್ರ ನೋವುಂಟುಮಾಡಿರುತ್ತಾರೆ' ಅಂತ ಓದಿದೆ. ಅಕ್ಕ ಕೈ ಅಡ್ಡ ಹಿಡಿದ್ರು.

"ಇದು ಯಾರ ವಿಚಾರ ಅಣ್ಣ?" ಅಂದ್ರು.

"ನಿಮ್ಮದೇ ಅಕ್ಕ."

"ನಾನು ಹಿಂಗೆ ಹೇಳ್ನಿಲ್ವಲ್ಲ. ಅವ್ನು ಏನಂದ ಅಂತ ನಿಮ್ಗೆ ಹೇಳಿದ್ನಲ್ಲ, ಅದೆಲ್ಲಿ? ಡೇರಿ ಎಲ್ಲಿ? ಕ್ಯಾನು ಎಲ್ಲಿ?"

ನನಗೆ ನಿಜವಾಗಲೂ ಮುಖಕ್ಕೆ ಹೊಡೆದಂಗಾಯ್ತು. ಯಾಕಂದ್ರೆ ಅಕ್ಕ ಹೇಳಿದ್ದನ್ನ ನಾನು ಮಾತು ಮಾತಾಗಿ ಟೈಪ್ ಮಾಡ್ಕೊಂಡಿದ್ದೆ. ಬೆಳಿಗ್ಗೆ ಆರೂಕಾಲಕ್ಕೆ ಹಾಲಿನ ಡೇರಿ ಮುಂದೆ ಸಾಲು. ಅಕ್ಕನ ಕ್ಯಾನು ಮುಂದಿನವನ ಕ್ಯಾನಿಗೆ ತಾಗಿದೆ. ಅವನು ತಿರುಗಿ ಜಾತಿ ಹೆಸರು ಹಿಡಿದು ಒಂದು ಮಾತು ಬೈದಿದ್ದಾನೆ. ಸಾಲಲ್ಲಿ ಹನ್ನೊಂದು ಜನ ಇದ್ರು, ಒಳಗೆ ಹಾಲು ಅಳೆಯೋ ಹುಡುಗ ಇದ್ದ. ಆ ಬೈಗುಳವನ್ನ ನಾನು ಈ ಪೋಸ್ಟ್‌ನಲ್ಲಿ ಬರೆಯಲ್ಲ. ಆದ್ರೆ ದೂರಿನಲ್ಲಿ ಬರೆಯಲೇಬೇಕು, ಅಕ್ಷರಕ್ಕೆ ಅಕ್ಷರ. ಅದು ಯಾಕೆ ಅಂತ ಹೊಸ ಹುಡುಗರಿಗೋಸ್ಕರ ಹೇಳಿಬಿಡ್ತೀನಿ.

1989ರ ದೌರ್ಜನ್ಯ ತಡೆ ಕಾಯ್ದೆಯ ಕಲಂ 3(1)(ಆರ್), ಸಾರ್ವಜನಿಕರ ಕಣ್ಣಿಗೆ ಬೀಳೋ ಜಾಗದಲ್ಲಿ ನಮ್ಮವರನ್ನ ಅವಮಾನ ಮಾಡಬೇಕು ಅಂತಲೇ ಉದ್ದೇಶಪೂರ್ವಕವಾಗಿ ಹೀಯಾಳಿಸೋದು, ಬೆದರಿಸೋದರ ಬಗ್ಗೆ ಹೇಳುತ್ತೆ. 3(1)(ಎಸ್) ಅದೇ ರೀತಿಯ ಜಾಗದಲ್ಲಿ ಜಾತಿ ಹೆಸರು ಹಿಡಿದು ಬೈಯೋದರ ಬಗ್ಗೆ. ಈ ಎರಡನೇದು 2015ರ ತಿದ್ದುಪಡಿಯಲ್ಲಿ ಬಂದಿದ್ದು. ಹಾಗಾಗಿ ದೂರಿನಲ್ಲಿ ಮೂರು ವಿಷಯ ಕಾಣಲೇಬೇಕು. ಏನಂತ ಬೈದ, ಎಲ್ಲಿ ಬೈದ, ಯಾರು ಕೇಳಿಸ್ಕೊಂಡ್ರು. 2020ರಲ್ಲಿ ಹಿತೇಶ್ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ನಾಲ್ಕು ಗೋಡೆ ಮಧ್ಯೆ, ಹೊರಗಿನವರು ಯಾರೂ ಇಲ್ಲದ ಕಡೆ ಆಡಿದ ಮಾತು ಈ ಕಲಂ ಒಳಗೆ ಬರಲ್ಲ ಅಂತ ಹೇಳಿದ ಮೇಲೆ, ಆ ಕಡೆ ವಕೀಲರು ಮೊದಲು ಕೈ ಹಾಕೋದೇ ಇಲ್ಲಿಗೆ. 'ಅವಾಚ್ಯ ಶಬ್ದ' ಅಂತ ಬರೆದ್ರೆ ಅದು ಯಾವ ಜಗಳದಲ್ಲಿ ಬೇಕಾದ್ರೂ ಯಾರು ಬೇಕಾದ್ರೂ ಆಡೋ ಬೈಗುಳ. 'ಸಾರ್ವಜನಿಕ ಸ್ಥಳ' ಅಂತ ಬರೆದ್ರೆ ಅಲ್ಲಿ ಡೇರಿಯೂ ಇಲ್ಲ, ಹನ್ನೊಂದು ಜನವೂ ಇಲ್ಲ. ಅಕ್ಕನ ಕೇಸಿನ ಬೆನ್ನುಮೂಳೆಯನ್ನೇ ನನ್ನ ಕೈಯಾರೆ ತೆಗೆದು ಸಹಿಗೆ ತಂದಿದ್ದೆ.

ಈಗ ಇದು ಹೇಗಾಯ್ತು ಅಂತ ಹೇಳ್ತೀನಿ.

ನಾನು ಆಫೀಸಲ್ಲಿ ಗುಮಾಸ್ತ. ಹಗಲೆಲ್ಲ ಟಪಾಲು, ಕಡತ, ಟಿಪ್ಪಣಿ. ಸಂಜೆ ಆರರ ಮೇಲೆ ಸಂಘಟನೆ ಕೆಲಸ. ಒಂದೂವರೆ ವರ್ಷದಿಂದ ಒಂದು ಎಐ ಆಪ್‌ನಲ್ಲಿ ದೂರುಗಳ ಕರಡು ಮಾಡಿಸ್ತಿದ್ದೆ. ಆಪ್ ಹೆಸರು ಬೇಡ, ಜಾಹೀರಾತೂ ಬೇಡ, ಜಗಳವೂ ಬೇಡ. ಒಂದೇ ಚಾಟ್. ಅದಕ್ಕೆ 'ದೂರು' ಅಂತ ಹೆಸರಿಟ್ಟು ಮೇಲೆ ಪಿನ್ ಮಾಡಿದ್ದೆ. ಹೊಸ ಪ್ರಕರಣ ಬಂದಾಗ ಅದೇ ಚಾಟ್ ತೆಗೆಯೋದು, ಕೆಳಗೆ ಹೋಗೋದು, ಸಂತ್ರಸ್ತರು ಹೇಳಿದ್ದನ್ನ ಅವರ ಮಾತಲ್ಲೇ ಹಾಕೋದು, ಕರಡು ತಗೊಳ್ಳೋದು. ಇಪ್ಪತ್ತಮೂರು ದೂರು ಹಾಗೇ ಆಗಿದ್ವು. (ನಿಜವಾದ ಹೆಸರು, ಊರು ಯಾವತ್ತೂ ಹಾಕಿಲ್ಲ. ಕ, ಚ, ಟ ಅಂತ ಹಾಕಿ, ಆಮೇಲೆ ಪೇಪರ್ ಮೇಲೆ ತುಂಬೋದು. ಕಾಮೆಂಟ್‌ನಲ್ಲಿ ಬೈಯೋಕೆ ಬರೋರು ಇದನ್ನ ಗಮನಿಸಿ.)

ಆ ಚಾಟ್‌ನಲ್ಲಿ ನನಗೆ ಇಷ್ಟ ಆಗಿದ್ದ ಒಂದು ಗುಣ ಇತ್ತು. ಉದ್ಧರಣ ಚಿಹ್ನೆ ಒಳಗೆ ನಾನು ಏನು ಹಾಕಿದ್ರೂ ಅದು ಮುಟ್ಟುತ್ತಿರಲಿಲ್ಲ. ಹಿಂದೆ ಮುಂದೆ ಕಚೇರಿ ಭಾಷೆ ಕೂರಿಸ್ತಿತ್ತು, ಮಧ್ಯದಲ್ಲಿ ಸಂತ್ರಸ್ತರ ಮಾತು ಹಾಗೇ ಇರ್ತಿತ್ತು, ಬೈಗುಳ ಸಮೇತ. ಹಾಗೆ ಮಾಡು ಅಂತ ನಾನು ಒಂದು ದಿನವೂ ಬರೆದಿರಲಿಲ್ಲ. ಅದು ಮಾಡ್ತಿತ್ತು, ನಾನು ಅಭ್ಯಾಸ ಆಗಿದ್ದೆ. ಮೊದಮೊದಲು ಸಾಲು ಸಾಲು ಓದ್ತಿದ್ದೋನು ಆಮೇಲಾಮೇಲೆ ತಾರೀಖು ಮತ್ತು ಕಲಂ ಮಾತ್ರ ನೋಡ್ತಿದ್ದೆ. ತಪ್ಪು ನನ್ನದೇ, ಅದನ್ನ ಮುಚ್ಚಿಡಲ್ಲ.

ಅಕ್ಕನ ಮನೆಯಿಂದ ಬಂದು ರಾತ್ರಿ ಚಾಟ್ ತೆಗೆದೆ. ಮೊದಲ ಅನುಮಾನ ನನ್ನ ಮೇಲೇ. ನಾನೇ ಬೇರೆ ಏನೋ ಟೈಪ್ ಮಾಡಿದ್ನಾ? ಇಲ್ಲ. ಅಕ್ಕನ ಮಾತು ಚಿಹ್ನೆ ಒಳಗೆ ಸರಿಯಾಗೇ ಇತ್ತು. ಮೇಲಕ್ಕೆ ಹೋಗಿ ಹಿಂದಿನ ವರ್ಷದ ಒಂದು ದೂರು ತೆಗೆದೆ, ಹೋಟೆಲ್‌ನಲ್ಲಿ ಬೇರೆ ಲೋಟ ಇಟ್ಟಿದ್ದ ಪ್ರಕರಣ. ಅಲ್ಲಿ ಮಾತು ಪೂರ್ತಿ ಇದೆ, ಹೋಟೆಲ್ ಬೆಂಚು ಇದೆ, ಟೀ ಕುಡೀತಿದ್ದ ಇಬ್ಬರು ಇದ್ದಾರೆ. ಒಂದೇ ಚಾಟ್, ಒಂದೇ ಬಣ್ಣ, ಅದೇ ಹೆಸರು. ನಡುವೆ ಎಲ್ಲೂ ಗೆರೆ ಇಲ್ಲ. ಇಮೇಲ್ ತೆಗೆದು ಹುಡುಕಿದಾಗ ಮೂರು ವಾರದ ಹಿಂದೆ ಇಂಗ್ಲಿಷ್‌ನಲ್ಲಿ ಒಂದು ಪತ್ರ ಬಂದು ಬಿದ್ದಿತ್ತು. ಹಳೇ ಮಾಡೆಲ್ ನಿವೃತ್ತಿ ಆಗ್ತಿದೆ, ನಿಮ್ಮ ಹಳೇ ಚಾಟ್‌ಗಳು ಹೊಸ ಮಾಡೆಲ್‌ನಲ್ಲಿ ಮುಂದುವರಿಯುತ್ತವೆ ಅನ್ನೋ ಅರ್ಥದ್ದು. ಯಾರು ಓದ್ತಾರೆ ಅದನ್ನ.

ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರೋ ನಮ್ಮ ಕೇರಿ ಹುಡುಗ ಒಬ್ಬ ಇದ್ದಾನೆ. ಫೋನ್ ಮಾಡಿದೆ. ಅವನು ಹೇಳಿದ್ದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ನಿಮ್ಮಲ್ಲೂ ತುಂಬಾ ಜನಕ್ಕೆ ಗೊತ್ತಿರಲಿಕ್ಕಿಲ್ಲ.

"ಅಣ್ಣ, ಚಾಟ್ ಒಳಗೆ ಯಾರೂ ಕೂತಿಲ್ಲ," ಅಂದ. "ಚಾಟ್ ಅನ್ನೋದು ಬರೀ ಅಕ್ಷರ, ಕಂಪನಿ ಕಂಪ್ಯೂಟರ್‌ನಲ್ಲಿ ಉಳಿಸಿಟ್ಟಿರೋ ಬರಹ. ನೀವು ಹೊಸದೊಂದು ಸಾಲು ಕಳಿಸಿದಾಗಲೆಲ್ಲ ಮೊದಲಿಂದ ಇಲ್ಲೀವರೆಗಿನ ಬರಹವನ್ನ ತಗೊಂಡು ಹೋಗಿ ಮಾಡೆಲ್ ಮುಂದೆ ಇಡ್ತಾರೆ. ಅದು ಪ್ರತಿ ಸಲ ಮೊದಲಿಂದ ಓದಿ, ಮುಂದಿನದ್ದನ್ನ ಬರೆಯುತ್ತೆ. ನಿನ್ನೆ ನಿಮ್ಮ ಜೊತೆ ಮಾತಾಡಿದ ನೆನಪು ಅಂತ ಅದಕ್ಕೆ ಬೇರೆ ಇಲ್ಲ. ಈಗ ಹಳೇ ಮಾಡೆಲ್ ತೆಗೆದು ಹೊಸದನ್ನ ಕೂರಿಸಿದ್ದಾರೆ. ಹಳೇ ಬರಹವನ್ನೇ ಅದರ ಮುಂದೆ ಇಡ್ತಾರೆ. ಹಿಂದಿನ ಇಪ್ಪತ್ತಮೂರು ಕರಡನ್ನೂ ತಾನೇ ಬರೆದಿದ್ದು ಅನ್ನೋ ಹಂಗೆ ಅದು ಮುಂದುವರಿಸುತ್ತೆ."

ನಾನು ಗುಮಾಸ್ತ ಅಲ್ವಾ, ತಕ್ಷಣ ಹೊಳೀತು. ಇದು ಕಡತ! ಕೇಸ್ ವರ್ಕರ್‌ಗೆ ವರ್ಗ ಆಗಿದೆ. ಮೇಜು ಅದೇ, ಫೈಲ್ ನಂಬರ್ ಅದೇ, ಕುರ್ಚಿಗೆ ಹೊಸಬ ಬಂದಿದ್ದಾನೆ. ಟಿಪ್ಪಣಿ ಹಾಳೆ ತಿರುವಿ ಹಾಕಿ ಮುಂದಿನ ಟಿಪ್ಪಣಿ ಬರೀತಾನೆ. ಫೈಲಲ್ಲಿ ಬರೆದಿರೋದು ಅವನಿಗೆ ಸಿಗುತ್ತೆ. ಹಳಬನ ತಲೆಯಲ್ಲಿ, ಕೈಯಲ್ಲಿ ಇದ್ದದ್ದು ಅವನ ಜೊತೆಗೇ ಹೋಯ್ತು. ಒಂದು ವ್ಯತ್ಯಾಸ ಇದೆ. ಆಫೀಸಲ್ಲಿ ಪ್ರಭಾರ ಪಟ್ಟಿ ಅಂತ ಇರುತ್ತೆ, ಇಬ್ಬರೂ ಸಹಿ ಹಾಕ್ತಾರೆ, ತಾರೀಖು ಬೀಳುತ್ತೆ. ಟಿಪ್ಪಣಿ ಕೆಳಗಿನ ಸಹಿ ಬದಲಾಗೋದ್ರಿಂದ ಯಾವ ಪುಟದಿಂದ ಹೊಸಬ ಅಂತ ಗೊತ್ತಾಗುತ್ತೆ. ಚಾಟ್‌ನಲ್ಲಿ ಅದಿಲ್ಲ. ಹೊಸಬ ಹಳಬನ ಹೆಸರಲ್ಲೇ ಸಹಿ ಹಾಕ್ತಾ ಹೋಗ್ತಾನೆ.

ಆದ್ರೂ ನನಗೆ ಪೂರ್ತಿ ನಂಬಿಕೆ ಬರಲಿಲ್ಲ. ಒಂದೊಂದು ಸಲ ಅದು ಸುಮ್ನೆ ಹಾಗೆ ಬರೆದಿರಬಹುದಲ್ಲ? ಹುಡುಗ ಒಂದು ಪರೀಕ್ಷೆ ಹೇಳಿಕೊಟ್ಟ. ನೀವೂ ಮಾಡಬಹುದು. ಆ ಹೋಟೆಲ್ ಪ್ರಕರಣದಲ್ಲಿ ನಾನು ಹಿಂದಿನ ವರ್ಷ ಹಾಕಿದ್ದ ಸಂದೇಶದ ಮೇಲೆ ಬೆರಳು ಒತ್ತಿ ಹಿಡಿದ್ರೆ ತಿದ್ದೋ ಆಯ್ಕೆ ಬರುತ್ತೆ. ಒಂದಕ್ಷರವೂ ಬದಲಾಯಿಸದೆ ಹಾಗೇ ಮತ್ತೆ ಕಳಿಸೋದು. ಆಗ ಅದರ ಹಿಂದಿನ ಬರಹವೂ ಅದೇ, ಸಂದೇಶವೂ ಅದೇ, ಓದೋನು ಮಾತ್ರ ಬೇರೆ. ಒಂದೇ ಸಲ ಮಾಡಿ ತೀರ್ಮಾನಕ್ಕೆ ಬರಬಾರದು, ಒಂದೇ ಮಾಡೆಲ್ ಕೂಡ ಎರಡು ಸಲ ಒಂದೇ ಥರ ಬರೆಯಲ್ಲ ಅಂದ. ಐದು ಸಲ ಮಾಡಿದೆ. ನಾಲ್ಕು ಸಲ 'ಅವಾಚ್ಯ ಶಬ್ದಗಳಿಂದ' ಅಂತ ಬಂತು. ಒಂದು ಸಲ ಜಾತಿ ಹೆಸರಿನ ಮೊದಲಕ್ಷರ ಬರೆದು ಮುಂದಕ್ಕೆ ಚುಕ್ಕಿ ಹಾಕಿತ್ತು. ಬೆಂಚೂ ಇಲ್ಲ, ಟೀ ಕುಡೀತಿದ್ದವರೂ ಇಲ್ಲ. ಹಿಂದಿನ ವರ್ಷದ ಕರಡು ಪಕ್ಕದಲ್ಲೇ ಇತ್ತು, ಬಾಣ ಒತ್ತಿ ಆಚೆ ಈಚೆ ನೋಡಬಹುದಿತ್ತು.

"ಮೇಲೆ ಅಷ್ಟೊಂದು ಮಾದರಿ ಇದೆಯಲ್ಲ, ನೋಡಿ ಹಾಗೇ ಬರೀಬಹುದಲ್ಲ?" ಅಂದೆ. ನೋಡುತ್ತೆ, ತಕ್ಕಮಟ್ಟಿಗೆ ಹಾಗೇ ಬರೆಯುತ್ತೆ, ಅಂದ. ಆದ್ರೆ ಬೈಗುಳ, ಜಾತಿ ನಿಂದನೆ ಪದ ಅಂದ್ರೆ ಹುಷಾರಾಗಿರು ಅಂತ ಅದಕ್ಕೆ ತರಬೇತಿಯಲ್ಲಿ ಕಲಿಸಿರ್ತಾರೆ. ಒಂದೊಂದು ಮಾಡೆಲ್‌ಗೆ ಒಂದೊಂದು ಮಟ್ಟದಲ್ಲಿ. ಆ ಎಚ್ಚರಿಕೆ ಜೋರಾಗಿದ್ರೆ ಮೇಲಿನ ಮಾದರಿ ಸೋಲುತ್ತೆ. ಅದಲ್ಲದೆ ಪ್ರತಿ ಚಾಟ್‌ನ ಮುಂದೆ ನಮಗೆ ಕಾಣದ ಹಾಗೆ ಕಂಪನಿಯವರೇ ಒಂದು ಸೂಚನೆ ಹಾಳೆ ಇಟ್ಟಿರ್ತಾರೆ, ಅದೂ ಬದಲಾಗಿರಬಹುದು. ಮಾಡೆಲ್‌ನಿಂದ ಆಯ್ತಾ, ಆ ಹಾಳೆಯಿಂದ ಆಯ್ತಾ ಅಂತ ಹೊರಗಿನಿಂದ ಹೇಳೋಕೆ ಬರಲ್ಲ. ಇನ್ನೊಂದು, ಚಾಟ್ ತುಂಬಾ ಉದ್ದ ಆದ್ರೆ ಪೂರ್ತಿ ಬರಹ ಮಾಡೆಲ್ ಮುಂದೆ ಹಿಡಿಸಲ್ಲ. ಹಳೇ ಭಾಗವನ್ನ ಕತ್ತರಿಸ್ತಾರೆ, ಇಲ್ಲಾಂದ್ರೆ ಸಾರಾಂಶ ಮಾಡಿ ಇಡ್ತಾರೆ. ಆ ಮಿತಿಯೂ ಮಾಡೆಲ್‌ನಿಂದ ಮಾಡೆಲ್‌ಗೆ ಬೇರೆ. ನಮಗೆ ಪರದೆ ಮೇಲೆ ಎಲ್ಲಾ ಕಾಣ್ತಿರುತ್ತೆ, ಅದಕ್ಕೆ ಕಾಣ್ತಿದೆಯಾ ಅನ್ನೋದು ಬೇರೆ ಮಾತು.

ಬೈಗುಳಕ್ಕೆ ಎಚ್ಚರಿಕೆ ಕಲಿಸಿರೋದು ಕೆಟ್ಟ ಉದ್ದೇಶಕ್ಕಲ್ಲ, ಅದು ನನಗೂ ಗೊತ್ತು. ನಮ್ಮನ್ನ ಬೈಯೋಕೆ ಇದನ್ನ ಬಳಸೋರೂ ಇದ್ದಾರಲ್ಲ. ಆದ್ರೆ ಬೈದವನ ಬಾಯಿಗೂ ಬೈಸಿಕೊಂಡವಳ ದೂರಿಗೂ ಒಂದೇ ಬೀಗ ಹಾಕಿದ್ರೆ ಯಾರಿಗೆ ಲಾಭ?

ಈಗ ಈ ಕತೆಯಲ್ಲಿ ನನಗೆ ಅತಿ ವಿಚಿತ್ರ ಅನ್ನಿಸಿದ ಭಾಗ. ಅದೇ ಹೋಟೆಲ್ ಪ್ರಕರಣವನ್ನ ಹೊಸ ಚಾಟ್ ತೆಗೆದು, ಹಿಂದಿನದ್ದೇನೂ ಇಲ್ಲದೆ ಹಾಕಿ ನೋಡಿದೆ. ಬೈಗುಳ ಅಲ್ಲೂ ಹೋಯ್ತು. ಆದ್ರೆ ಬೇರೆ ಒಂದು ವಿಷಯ ಸರಿಯಾಗಿತ್ತು. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆಯಲ್ಲ, ಉದ್ದೇಶಪೂರ್ವಕ ಅವಮಾನಕ್ಕೆ ಐಪಿಸಿ 504 ಇದ್ದದ್ದು ಸಂಹಿತೆಯಲ್ಲಿ 352 ಆಯ್ತು, ಬೆದರಿಕೆಗೆ 506 ಇದ್ದದ್ದು 351 ಆಯ್ತು. ಹೊಸ ಚಾಟ್‌ನಲ್ಲಿ 352, 351 ಅಂತ ಸರಿಯಾಗಿ ಬಂದಿತ್ತು. ಹಳೇ ಚಾಟ್‌ನಲ್ಲಿ ಅದೇ ಹೊಸ ಮಾಡೆಲ್ 504, 506 ಅಂತಲೇ ಬರೀತಿತ್ತು!

ಯಾಕೆ ಅಂತ ತಲೆ ಕೆರ್ಕೊಂಡು ಕೂತೆ. ಆಮೇಲೆ ಅರ್ಥ ಆಯ್ತು. ಹಳೇ ಮಾಡೆಲ್‌ಗೆ ಹೊಸ ಸಂಹಿತೆ ಸರಿಯಾಗಿ ಬರ್ತಿರಲಿಲ್ಲ, ಐಪಿಸಿ ಕಲಂಗಳನ್ನೇ ಹಾಕ್ತಿತ್ತು. ನಮ್ಮ ವಕೀಲರು ಪೆನ್ನಲ್ಲಿ ಹೊಡೆದು ಪಕ್ಕದಲ್ಲಿ ಸರಿ ನಂಬರ್ ಬರೀತಿದ್ರು. ನಾನು ಅದನ್ನ ಕೊನೇ ಪ್ರಿಂಟ್‌ನಲ್ಲಿ ತಿದ್ದುತ್ತಿದ್ದೆ. ತಿದ್ದಿದ್ದು ಕಾಗದದ ಮೇಲೆ, ಚಾಟ್‌ನಲ್ಲಿ ಅಲ್ಲ. ಹಾಗಾಗಿ ಚಾಟ್ ತುಂಬಾ 504, 506 ಹಾಗೇ ಕೂತಿದ್ವು. ಹೊಸಬ ಬಂದು ಫೈಲ್ ತಿರುವಿ ಹಾಕಿ, ಓಹೋ ಇಲ್ಲಿ ಹೀಗೇ ಬರೀತಾರೆ ಅಂತ, ತನಗೆ ಗೊತ್ತಿರೋ ಸರಿಯನ್ನ ಬಿಟ್ಟು ಫೈಲಲ್ಲಿದ್ದ ತಪ್ಪನ್ನ ನಕಲು ಮಾಡಿದ. ನಮ್ಮ ಆಫೀಸಲ್ಲೂ ಹೊಸದಾಗಿ ಬಂದ ಎಸ್‌ಡಿಎಗಳು ಮಾಡೋದು ಇದನ್ನೇ, ಹಿಂದಿನ ಟಿಪ್ಪಣಿ ನೋಡಿ ಹಳೇ ಸುತ್ತೋಲೆ ನಂಬರನ್ನೇ ಮುಂದುವರಿಸೋದು.

ಅಂದ್ರೆ ನನ್ನ ಹಳೇ ಚಾಟ್‌ನಲ್ಲಿ ಹಳಬನ ತಪ್ಪು ಉಳೀತು, ಅದು ಬರಹದಲ್ಲಿತ್ತು. ಹಳಬನ ಒಳ್ಳೇ ಗುಣ ಹೋಯ್ತು, ಅದು ಅವನ ಕೈಯಲ್ಲಿತ್ತು. ಹೊಸಬನಿಗೆ ಗೊತ್ತಿದ್ದ ಹೊಸ ಕಾನೂನೂ ನನಗೆ ಸಿಗಲಿಲ್ಲ. ಮೂರೂ ಕಡೆಯಿಂದ ನಷ್ಟ.

ಒಂದೇ ಒಂದು ವಿಷಯದಲ್ಲಿ ಏನೂ ಬದಲಾಗಿರಲಿಲ್ಲ. ಚಾಟ್ ಶುರು ಮಾಡಿದ ದಿನ ನಾನು 'ಹರಿಜನ' ಅನ್ನೋ ಪದ ಯಾವ ಕಾರಣಕ್ಕೂ ಬರಬಾರದು ಅಂತ ಬರೆದಿದ್ದೆ, ನಡುವೆ ಎರಡು ಮೂರು ಸಲ ಮತ್ತೆ ನೆನಪಿಸಿದ್ದೆ. ಹೊಸ ಮಾಡೆಲ್ ಆ ಮಾತನ್ನ ಪಾಲಿಸ್ತಿತ್ತು. ಅದು ಫೈಲಲ್ಲಿ ಬರೆದಿದ್ದ ಆದೇಶ.

ಇದು ನನ್ನೊಬ್ಬನ ಕತೆ ಅಲ್ಲ. 2025ರ ಆಗಸ್ಟ್ 7ರಂದು ಓಪನ್‌ಎಐ ಕಂಪನಿ GPT-5 ಬಿಟ್ಟಾಗ ಚಾಟ್‌ಜಿಪಿಟಿಯ ಪಟ್ಟಿಯಿಂದ GPT-4o ಸೇರಿ ಹಳೇ ಮಾಡೆಲ್‌ಗಳನ್ನ ತೆಗೆದುಬಿಟ್ಟಿತು. ಜನ ಹಳೇ ಚಾಟ್ ತೆಗೆದ್ರೆ ಅದು ಹೊಸ ಮಾಡೆಲ್‌ನಲ್ಲಿ ತೆರೆಯೋದು. ತಿಂಗಳುಗಟ್ಟಲೆ ಒಂದೇ ಚಾಟ್‌ನಲ್ಲಿ ಮಾತಾಡಿದ್ದವರು, ಕತೆ ಬರೀತಿದ್ದವರು, ದುಃಖ ಹೇಳ್ಕೊಳ್ತಿದ್ದವರು, ಮಾತಾಡೋ ಧಾಟಿಯೇ ಬದಲಾಯ್ತು ಅಂತ ದೇಶದೇಶಗಳಿಂದ ಗಲಾಟೆ ಮಾಡಿದ್ರು. ಕೆಲವೇ ದಿನದಲ್ಲಿ ಕಂಪನಿ GPT-4oವನ್ನ ವಾಪಸ್ ಕೊಟ್ಟಿತು, ದುಡ್ಡು ಕಟ್ಟೋರಿಗೆ. 2026ರ ಫೆಬ್ರುವರಿ 13ಕ್ಕೆ ಚಾಟ್‌ಜಿಪಿಟಿಯಿಂದ ಅದನ್ನ ಮತ್ತೆ ತೆಗೆದ್ರು. ಅವತ್ತು ಆ ಗಲಾಟೆ ಸುದ್ದಿ ಓದಿ, ಇವರಿಗೆ ಬೇರೆ ಕೆಲಸ ಇಲ್ವಾ, ಯಂತ್ರದ ಧಾಟಿ ಬದಲಾಯ್ತು ಅಂತ ಅಳ್ತಾರಲ್ಲ ಅಂತ ನಕ್ಕಿದ್ದೆ. ಧಾಟಿ ಬದಲಾಗೋದು ಅಂದ್ರೆ ಅಕ್ಕನ ದೂರಿನಲ್ಲಿ ಒಂದು ಪದ ಮಾಯ ಆಗೋದೂ ಹೌದು ಅಂತ ಆಗ ಹೊಳೆದಿರಲಿಲ್ಲ.

ಸಾಫ್ಟ್‌ವೇರ್ ಕಂಪನಿಗಳಿಗೆ ಈ ಸಮಸ್ಯೆ ಇಷ್ಟಿಲ್ಲವಂತೆ. ಅವರು ನೇರವಾಗಿ ಮಾಡೆಲ್ ಕರೆಯುವಾಗ ತಾರೀಖು ಸಮೇತ ಹೆಸರು ಹಾಕ್ತಾರೆ, `gpt-4o-2024-08-06` ಅಂತ. ಅದನ್ನ ಮುಚ್ಚೋವರೆಗೂ ಆ ತಾರೀಖಿನದ್ದೇ ಕೆಲಸ ಮಾಡುತ್ತೆ. ನಮ್ಮಂಥ ಆಪ್ ಬಳಸೋರಿಗೆ ಅವರು ಕೂರಿಸಿದ್ದೇ ಮಾಡೆಲ್.

ಈಗ ನಾನು ಮಾಡ್ತಿರೋದು ಇಷ್ಟು. ಹಳೇ ಚಾಟ್‌ನಲ್ಲಿ ಹೊಸ ಕೆಲಸ ಮಾಡಲ್ಲ. ಅದನ್ನ ದಾಖಲೆ ಅಂತ ಇಟ್ಕೊಂಡಿದ್ದೀನಿ, ಓದೋಕೆ ಮಾತ್ರ. ಬೇಕಾದ ಕರಡುಗಳನ್ನ ಕಾಪಿ ಮಾಡಿ ಬೇರೆ ಫೈಲಲ್ಲಿ ಉಳಿಸಿದೆ. ಮಾಡೆಲ್ ಬದಲಾದ ತಾರೀಖು ಗೊತ್ತಾಗಿದ್ರಿಂದ ಅದರ ನಂತರ ಆಗಿದ್ದ ಇನ್ನೆರಡು ದೂರನ್ನೂ ತೆಗೆದು ಓದಿದೆ. ಒಂದರಲ್ಲಿ ಬೈಗುಳದ ವಿಷಯವೇ ಇರಲಿಲ್ಲ, ಜಮೀನಿನ ದಾರಿ ತಕರಾರು. ಇನ್ನೊಂದರಲ್ಲಿ ಮಾತು ಹೋಗಿತ್ತು. ಅದು ಆಗಲೇ ಠಾಣೆಗೆ ಕೊಟ್ಟಾಗಿತ್ತು. ಆ ಹುಡುಗನ್ನ ಕರ್ಕೊಂಡು ವಕೀಲರ ಹತ್ರ ಹೋಗಿ, ತನಿಖಾಧಿಕಾರಿ ಮುಂದೆ ಹೇಳಿಕೆ ಕೊಡುವಾಗ ಪೂರ್ತಿ ಮಾತು ಹೇಳು ಅಂತ ಹೇಳಿಸಿದ್ದೀನಿ. ಆದ್ರೆ ಮೊದಲ ದೂರಿನಲ್ಲಿ ಇಲ್ಲದ್ದು ಆಮೇಲೆ ಬಂತು ಅಂದ್ರೆ, ಕಟ್ಟು ಕತೆ ಅಂತ ಆ ಕಡೆ ವಕೀಲರು ಹೇಳೇ ಹೇಳ್ತಾರೆ. ಆ ಹೊರೆ ಈಗ ಆ ಹುಡುಗನ ಮೇಲಿದೆ, ನನ್ನಿಂದಾಗಿ.

ಹೊಸ ಕೆಲಸಕ್ಕೆ ಒಂದು ಪ್ರಭಾರ ಪಟ್ಟಿ ಬರೆದೆ. ಚಾಟ್‌ನಲ್ಲಿ ಅಲ್ಲ, ನನ್ನ ನೋಟ್‌ಬುಕ್‌ನಲ್ಲಿ, ಆಮೇಲೆ ಮೊಬೈಲ್‌ನಲ್ಲಿ. ಹಳಬ ತಾನಾಗೇ ಮಾಡ್ತಿದ್ದ, ನಾನು ಯಾವತ್ತೂ ಬರೆಯದೇ ಇದ್ದ ವಿಷಯಗಳನ್ನ ನೆನಪು ಮಾಡಿಕೊಂಡು ಬರೆಯೋಕೆ ಎರಡು ಸಂಜೆ ಬೇಕಾಯ್ತು. ಹಳೇ ಕರಡು ಹೊಸ ಕರಡು ಪಕ್ಕಪಕ್ಕ ಇಟ್ಟು ನೋಡಿದಾಗಲೇ ಒಂದೊಂದು ಸಿಕ್ಕಿದ್ದು. ಉದ್ಧರಣ ಚಿಹ್ನೆ ಒಳಗಿನ ಮಾತನ್ನ ಬದಲಾಯಿಸಬಾರದು, ಇದು ಅಪರಾಧದ ಸಾಕ್ಷ್ಯ, ಚುಕ್ಕಿ ಹಾಕಬಾರದು. ಜಾಗವನ್ನ ಹೆಸರು ಹಿಡಿದು ಬರೀಬೇಕು, 'ಸಾರ್ವಜನಿಕ ಸ್ಥಳ' ಅಂತ ಒಂದೇ ಮಾತಲ್ಲಿ ಮುಗಿಸಬಾರದು. ಕೇಳಿಸ್ಕೊಂಡವರನ್ನ ಒಬ್ಬೊಬ್ಬರಾಗಿ ಬರೀಬೇಕು. ನಾನು ಕೊಡದೇ ಇದ್ದ ಭಾವನೆ ಸೇರಿಸಬಾರದು. ('ಮನಸ್ಸಿಗೆ ತೀವ್ರ ನೋವು' ಅಂತ ಅಕ್ಕ ಹೇಳಿರಲೇ ಇಲ್ಲ. ಅವರು ಹೇಳಿದ್ದು "ಮೈಯೆಲ್ಲ ಉರೀತು" ಅಂತ.) ಪ್ರತಿ ಪ್ರಕರಣಕ್ಕೂ ಹೊಸ ಚಾಟ್, ಮೊದಲು ಈ ಪಟ್ಟಿ, ಆಮೇಲೆ ಪ್ರಕರಣ. ಕರಡಿನ ಮೂಲೆಯಲ್ಲಿ ಪರದೆ ಮೇಲೆ ಕಾಣೋ ಮಾಡೆಲ್ ಹೆಸರು, ತಾರೀಖು ಬರ್ಕೋತೀನಿ. ಕಲಂ ನಂಬರ್‌ಗಳನ್ನ ವಕೀಲರೇ ಹಾಕ್ತಾರೆ, ಆ ಕೆಲಸ ಅದರ ಕೈಗೆ ಕೊಡೋದನ್ನ ಬಿಟ್ಟಿದ್ದೀನಿ.

ತಿಂಗಳಿಗೊಮ್ಮೆ ಆ ಹೋಟೆಲ್ ಪ್ರಕರಣವನ್ನೇ, ಹೆಸರು ಊರು ಎಲ್ಲಾ ಬದಲಾಯಿಸಿರೋದನ್ನ, ಪಟ್ಟಿ ಸಮೇತ ಮತ್ತೆ ಹಾಕಿ ನೋಡ್ತೀನಿ. ಮಾತು ಇದೆಯಾ, ಬೆಂಚು ಇದೆಯಾ, ಇಬ್ಬರು ಇದ್ದಾರಾ. ಈಗ ಪಟ್ಟಿ ಇದ್ರೆ ಹೆಚ್ಚಿನ ಸಲ ಉಳಿಯುತ್ತೆ. ಆದ್ರೂ ಒಂದೊಂದು ಸಲ ಜಾರುತ್ತೆ, ಪಟ್ಟಿ ಇದ್ದೂ ಚುಕ್ಕಿ ಹಾಕುತ್ತೆ. ಅದಕ್ಕೇ ಸಂತ್ರಸ್ತರ ಮುಂದೆ ಕೂತು ಜೋರಾಗಿ ಓದದೇ ಇರೋ ಯಾವ ದೂರಿಗೂ ಈಗ ಸಹಿ ತಗೊಳ್ಳಲ್ಲ. ಅವತ್ತು ಅಕ್ಕನಿಗೆ ಓದದೇ ಹೆಬ್ಬೆಟ್ಟು ಹಾಕಿಸಿದ್ರೆ ಈ ಪೋಸ್ಟೇ ಇರ್ತಿರಲಿಲ್ಲ.

ಅಕ್ಕನ ದೂರನ್ನ ಆ ರಾತ್ರಿ ನಾನೇ ಕೈಯಲ್ಲಿ ಬರೆದೆ, ನಾಲ್ಕು ಪುಟ. ಬೆಳಿಗ್ಗೆ ಅವರ ಮನೆ ಹತ್ರ ಹೋಗಿ ಮತ್ತೆ ಓದಿದೆ. "ಕ್ಯಾನು ಒದ್ದಿದ್ದು ಬರ್ದಿಲ್ಲ ನೀವು," ಅಂದ್ರು. ಅದು ನನ್ನ ನೋಟ್ಸ್‌ನಲ್ಲೇ ಇರಲಿಲ್ಲ, ಅಲ್ಲಿ ಯಾವ ಮಾಡೆಲ್‌ದೂ ತಪ್ಪಿಲ್ಲ. ಸೇರಿಸಿದೆ. ಸಹಿ ಹಾಕಿದ್ರು.

ಠಾಣೆಯಲ್ಲಿ ಎರಡು ಗಂಟೆ ಕೂರಿಸಿದ್ರು. ಆಮೇಲೆ ರೈಟರ್ ದೂರು ಎದುರಿಗೆ ಇಟ್ಕೊಂಡು ಕಂಪ್ಯೂಟರ್‌ನಲ್ಲಿ ಸಾರಾಂಶ ಹೊಡೆಯೋಕೆ ಶುರು ಮಾಡಿದ್ರು. ನಾನು ಪಕ್ಕದಿಂದ ಬಗ್ಗಿ ನೋಡಿದೆ. ಸದರಿ ಆರೋಪಿಯು ಪಿರ್ಯಾದಿಯನ್ನು ಅವಾಚ್ಯ ಶಬ್ದಗಳಿಂದ ನಿಂದಿಸಿ... ಅಂತ ಬರ್ತಿತ್ತು.

ದೂರನ್ನ ಬರ್ಕೊಂಡ್ರೆ ಪಿರ್ಯಾದಿಗೆ ಓದಿ ಹೇಳಬೇಕು ಅಂತ 1995ರ ದೌರ್ಜನ್ಯ ತಡೆ ನಿಯಮಗಳಲ್ಲೇ ಇದೆ, ಐದನೇ ನಿಯಮ. ನಾನು ಬಾಯಿ ತೆಗೆಯೋಕೆ ಮೊದಲೇ ಅಕ್ಕ ಸೆರಗು ಸರಿ ಮಾಡ್ಕೊಂಡು ಮೇಜಿನ ಹತ್ರ ಹೋದ್ರು.

"ಓದಿ ಸಾ," ಅಂದ್ರು.

ಅವರು ಓದಿದ್ರು.

"ಇದು ನಾನು ಹೇಳಿದ್ದಲ್ಲ," ಅಂದ್ರು ಅಕ್ಕ. ಆಮೇಲೆ ಆ ಮಾತನ್ನ, ಡೇರಿ ಮುಂದೆ ಅವನು ಆಡಿದ್ದ ಹಾಗೇ, ಇಡೀ ಠಾಣೆಗೆ ಕೇಳೋ ಹಾಗೆ ಒಂದು ಸಲ ಹೇಳಿದ್ರು. ರೈಟರ್ ತಲೆ ಎತ್ತಿ ಒಳಗೆ ಸಾಹೇಬ್ರ ಕೋಣೆ ಕಡೆ ನೋಡಿದ್ರು. ಅಲ್ಲಿಂದ ಏನೂ ಸದ್ದು ಬರಲಿಲ್ಲ. ಹೊಡೆದಿದ್ದನ್ನ ಅಳಿಸಿ, ಮತ್ತೆ ಟೈಪ್ ಮಾಡೋಕೆ ಶುರು ಮಾಡಿದ್ರು.